ಅಮೋನಿಯಾ ಟೈಟ್ರೇಷನ್‌ನಲ್ಲಿ ರೀಡಿಂಗ್ ಕೂಡದಿದ್ದಾಗ: ತಪ್ಪು ಸೂಚಕದ್ದೇ ಎಂದು ಪತ್ತೆ ಹಚ್ಚುವ ಬಗೆ

ಬ್ಯುರೆಟ್ಟಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ, ಶಂಕುಪಾತ್ರೆಯಲ್ಲಿ 25 ಮಿ.ಲೀ. ಅಮೋನಿಯಾ ದ್ರಾವಣವಿದೆ. ಅದೇ ಆಮ್ಲವನ್ನು ಹಿಂದಿನ ವಾರ ಸೋಡಿಯಂ ಹೈಡ್ರಾಕ್ಸೈಡಿಗೆ ಹಾಕಿದಾಗ ರೀಡಿಂಗುಗಳು ಒಂದಕ್ಕೊಂದು ತಾಳೆಯಾಗಿದ್ದವು. ಈ ವಾರ ಅಮೋನಿಯಾಕ್ಕೆ ಹಾಕಿದರೆ ಮೂರು ಸಲ ಮಾಡಿದರೂ ಮೂರು ಬೇರೆ ಉತ್ತರ ಬರುತ್ತದೆ, ಮೂರೂ ನಿರೀಕ್ಷೆಗಿಂತ ಕಡಿಮೆ ಇರುತ್ತವೆ, ಮತ್ತು ಬಣ್ಣ ಯಾವ ಹನಿಗೆ ಹೋಯಿತೆಂದು ಯಾರೂ ಖಚಿತವಾಗಿ ಹೇಳಲಾರರು. ಈ ಮೂರು ಲಕ್ಷಣಗಳು ಒಟ್ಟಿಗೆ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಆಮ್ಲವನ್ನಲ್ಲ, ಬ್ಯುರೆಟ್ಟನ್ನೂ ಅಲ್ಲ, ಮೇಜಿನ ಮೇಲಿರುವ ಸೂಚಕದ ಬಾಟಲಿಯನ್ನು.

ಬಾಗಲಕೋಟೆಯ ಪದವಿ ಕಾಲೇಜೊಂದರ ಪ್ರಯೋಗಾಲಯದಲ್ಲಿ ನಾನು ಈ ಪ್ರಯೋಗವನ್ನು ಹಲವು ವರ್ಷ ಮಾಡಿಸಿದ್ದೇನೆ. ಮಳೆಗಾಲದ ಒಂದು ಮಧ್ಯಾಹ್ನದ ಬ್ಯಾಚಿನ ಲೆಕ್ಕಗಳು ನನ್ನ ಪುಸ್ತಕದಲ್ಲಿ ಇನ್ನೂ ಇವೆ. ದೋಷವನ್ನು ಅದರ ಬೇರಿನವರೆಗೆ ತೋರಿಸಲು ಅವೇ ಸಾಕು.

ಆ ದಿನ ನಡೆದದ್ದು

ಆಮ್ಲದ ಸಾಂದ್ರತೆ 0.100 ಮೋಲಾರ್. ಅದನ್ನು ಬೆಳಗ್ಗೆಯಷ್ಟೇ ಒಣಗಿಸಿದ ಸೋಡಿಯಂ ಕಾರ್ಬೊನೇಟಿನಿಂದ ನಾನೇ ನಿಗದಿ ಮಾಡಿದ್ದೆ. ಅಮೋನಿಯಾ ದ್ರಾವಣವನ್ನೂ ಸುಮಾರು 0.1 ಮೋಲಾರ್ ಆಗುವಂತೆ ಸಿದ್ಧಪಡಿಸಿದ್ದೆವು. ಹಾಗಾಗಿ 25 ಮಿ.ಲೀ. ಅಮೋನಿಯಾಕ್ಕೆ 25 ಮಿ.ಲೀ. ಆಸುಪಾಸು ಆಮ್ಲ ಬೇಕಾಗಿತ್ತು. ನಾಲ್ಕು ಮೇಜುಗಳಿಂದ ಬಂದ ರೀಡಿಂಗುಗಳು ಹೀಗಿದ್ದವು: 18.6, 20.9, 22.3 ಮತ್ತು 21.4 ಮಿ.ಲೀ. ಸರಾಸರಿ ತೆಗೆದರೆ 20.8 ಮಿ.ಲೀ., ಅಂದರೆ ಅಮೋನಿಯಾ 0.083 ಮೋಲಾರ್. ಈ ಸಂಖ್ಯೆಯನ್ನೇ ಬರೆದುಕೊಂಡು ಮನೆಗೆ ಹೋಗಿದ್ದರೆ, ದ್ರಾವಣವನ್ನು ಸಿದ್ಧಪಡಿಸಿದವರು ನೀರು ಹೆಚ್ಚು ಹಾಕಿದರೆಂಬ ಆರೋಪ ಉಳಿಯುತ್ತಿತ್ತು.

ಮುಧೋಳದ ಕಡೆಯ ಒಬ್ಬ ವಿದ್ಯಾರ್ಥಿನಿ ಹೇಳಿದ ಮಾತು ನನ್ನ ಗಮನವನ್ನು ಸರಿಯಾದ ಕಡೆ ತಿರುಗಿಸಿತು. “ಸರ್, ಬಣ್ಣ ಒಮ್ಮೆಲೆ ಹೋಗವಲ್ದರಿ. ಸುರುವಿನಿಂದನ ಸ್ವಲ್ಪ ಸ್ವಲ್ಪ ತಿಳಿ ಆಕ್ಕೋತ ಬರಾಕತ್ತೈತಿ. ಎಲ್ಲಿ ನಿಲ್ಲಿಸಬೇಕಂತ ತಿಳೀವಲ್ದು” ಎಂದಳು. ಅವಳ ಪಾತ್ರೆಯ ಕೆಳಗೆ ಬಿಳಿ ಟೈಲ್ ಇತ್ತು, ಹನಿಯನ್ನು ಸರಿಯಾಗಿ ಬಿಡುತ್ತಿದ್ದಳು, ಪಾತ್ರೆಯನ್ನು ತಿರುಗಿಸುತ್ತಲೂ ಇದ್ದಳು. ಆದರೂ ಗುಲಾಬಿ ಬಣ್ಣವು ನಾಲ್ಕೈದು ಮಿ.ಲೀ. ಆಮ್ಲ ಬಿದ್ದಾಗಿನಿಂದಲೇ ಸೊರಗತೊಡಗಿ, ಹದಿನಾರರ ಹೊತ್ತಿಗೆ ಅರ್ಧವಾಗಿ, ಇಪ್ಪತ್ತರ ಆಚೆ ಇದೆಯೋ ಇಲ್ಲವೋ ಎಂಬ ಛಾಯೆಗೆ ಇಳಿದಿತ್ತು. ಒಬ್ಬರು ನೋಡಿ “ಹೋಯಿತು” ಎಂದರೆ ಪಕ್ಕದವರು “ಇನ್ನೂ ಇದೆ” ಎನ್ನುತ್ತಿದ್ದರು. ಮೇಜಿನ ಮೇಲಿದ್ದ ಬಾಟಲಿ ಫಿನಾಲ್ಫ್ಥಲೀನಿನದು. ಹಿಂದಿನ ವಾರ ಸೋಡಿಯಂ ಹೈಡ್ರಾಕ್ಸೈಡಿನ ಪ್ರಯೋಗಕ್ಕೆ ಇಟ್ಟದ್ದು ಅಲ್ಲಿಯೇ ಉಳಿದುಕೊಂಡಿತ್ತು.

ಪಾತ್ರೆಯೊಳಗೆ ಏನಾಗುತ್ತಿದೆ

ಸೋಡಿಯಂ ಹೈಡ್ರಾಕ್ಸೈಡ್ ಪ್ರಬಲ ಪ್ರತ್ಯಾಮ್ಲ. ಅದಕ್ಕೆ ಪ್ರಬಲ ಆಮ್ಲವನ್ನು ಸರಿಸಮ ಸೇರಿಸಿದಾಗ ಪಾತ್ರೆಯಲ್ಲಿ ಉಳಿಯುವುದು ಉಪ್ಪು ಮತ್ತು ನೀರು. ಪಿಎಚ್ 7 ಆಗಿರುತ್ತದೆ, ಮತ್ತು ಆ ಬಿಂದುವಿನ ಎರಡೂ ಬದಿಗೆ ಪಿಎಚ್ ಎಷ್ಟು ಕಡಿದಾಗಿ ಬೀಳುತ್ತದೆಂದರೆ ಫಿನಾಲ್ಫ್ಥಲೀನ್ ಹಾಕಿದರೂ ಮಿಥೈಲ್ ಆರೆಂಜ್ ಹಾಕಿದರೂ ಹೆಚ್ಚುಕಡಿಮೆ ಅದೇ ಹನಿಗೆ ಬಣ್ಣ ಬದಲಾಗುತ್ತದೆ. ಈ ಅನುಕೂಲಕ್ಕೆ ಒಗ್ಗಿದ ಕೈ ಅಮೋನಿಯಾದ ಮುಂದೆ ತಪ್ಪುತ್ತದೆ. ಅಮೋನಿಯಾ ದುರ್ಬಲ ಪ್ರತ್ಯಾಮ್ಲವಾದ್ದರಿಂದ ಆಮ್ಲವನ್ನು ಪೂರ್ತಿ ಕುಡಿದ ಮೇಲೆ ಉಳಿಯುವ ಅಮೋನಿಯಂ ಅಯಾನು ಸುಮ್ಮನಿರುವುದಿಲ್ಲ. ತಾನೇ ಒಂದು ದುರ್ಬಲ ಆಮ್ಲವಾಗಿ ನೀರಿಗೆ ಸ್ವಲ್ಪ ಪ್ರೋಟಾನನ್ನು ಬಿಟ್ಟುಕೊಡುತ್ತದೆ. ಕ್ಲೋರೈಡ್ ಅಯಾನಿಗೆ ಅದನ್ನು ಹಿಂದಕ್ಕೆ ಪಡೆಯುವ ಶಕ್ತಿಯಿಲ್ಲ.

```
NH3  + H3O+  →  NH4+ + H2O
NH4+ + H2O   ⇌  NH3  + H3O+     Ka = 5.6 × 10^-10
```

25 ಮಿ.ಲೀ. 0.1 ಮೋಲಾರ್ ಅಮೋನಿಯಾಕ್ಕೆ 25 ಮಿ.ಲೀ. 0.1 ಮೋಲಾರ್ ಆಮ್ಲ ಬಿದ್ದಾಗ ಒಟ್ಟು ಗಾತ್ರ 50 ಮಿ.ಲೀ. ಆಗುವುದರಿಂದ ಅಮೋನಿಯಂ ಕ್ಲೋರೈಡಿನ ಸಾಂದ್ರತೆ 0.05 ಮೋಲಾರ್. ಅದರಿಂದ ಬರುವ ಹೈಡ್ರೋಜನ್ ಅಯಾನಿನ ಲೆಕ್ಕ ಇಷ್ಟೇ:

```
[H+] = √(5.6 × 10^-10 × 0.05) = 5.3 × 10^-6
pH   = 5.28
```

ಸಮಾನತಾ ಬಿಂದು 7ರಲ್ಲಿಲ್ಲ, 5.28ರಲ್ಲಿದೆ. ಅದು ಆಮ್ಲೀಯ ಬದಿಯಲ್ಲಿದೆ ಎನ್ನುವುದು ಮಾತ್ರ ತೊಂದರೆಯಾಗಿದ್ದರೆ ಫಿನಾಲ್ಫ್ಥಲೀನಿನ ತಪ್ಪು ಒಂದೆರಡು ಹನಿಗಳಲ್ಲಿ ಮುಗಿಯಬಹುದಿತ್ತು. ನಿಜವಾದ ತೊಂದರೆ ಮೇಲ್ಭಾಗದಲ್ಲಿದೆ. ಅಮೋನಿಯಾ ಮತ್ತು ಅಮೋನಿಯಂ ಎರಡೂ ಒಟ್ಟಿಗಿರುವಾಗ ದ್ರಾವಣ ಬಫರ್ ಆಗುತ್ತದೆ, ಮತ್ತು ಆ ಬಫರಿನ ನಡುಬಿಂದು ಪಿಎಚ್ 9.26. ಫಿನಾಲ್ಫ್ಥಲೀನಿನ ಗುಲಾಬಿ ಬಣ್ಣ ಪಿಎಚ್ 10ರಿಂದ 8.3ರ ನಡುವೆ ಕ್ರಮೇಣ ಮಾಯವಾಗುತ್ತದೆ. ಬಫರ್ ಅತ್ಯಂತ ಗಟ್ಟಿಯಾಗಿ ನಿಲ್ಲುವ ಜಾಗವೂ ಸೂಚಕ ಬಣ್ಣ ಬದಲಿಸುವ ಜಾಗವೂ ಒಂದೇ ಆಗಿಬಿಟ್ಟಿದೆ. ಬ್ಯುರೆಟ್ಟಿನ ಭಾಷೆಯಲ್ಲಿ ಹೇಳುವುದಾದರೆ, ಸುಮಾರು 4 ಮಿ.ಲೀ. ಆಮ್ಲ ಬಿದ್ದಾಗ ಪಿಎಚ್ 10ಕ್ಕೆ ಬಂದು ಬಣ್ಣ ತಿಳಿಯಾಗಲು ಶುರುವಾಗುತ್ತದೆ, 22.5 ಮಿ.ಲೀ. ಆದಾಗ 8.3ಕ್ಕೆ ಬಂದು ಪೂರ್ತಿ ಹೋಗುತ್ತದೆ. ಹದಿನೆಂಟು ಮಿ.ಲೀ.ಗೂ ಹೆಚ್ಚು ಉದ್ದಕ್ಕೆ ಹರಡಿದ ಬಣ್ಣ ಬದಲಾವಣೆಯಲ್ಲಿ ಅಂತ್ಯಬಿಂದು ಎಂಬುದೊಂದು ಇರಲು ಸಾಧ್ಯವೇ ಇಲ್ಲ. ಬಣ್ಣ ಪೂರ್ತಿ ಹೋಗುವವರೆಗೆ ಕಾದವರಿಗೂ ಹತ್ತರಲ್ಲಿ ಒಂದು ಪಾಲು ಅಮೋನಿಯಾ ಲೆಕ್ಕಕ್ಕೆ ಸಿಗದೆ ಪಾತ್ರೆಯಲ್ಲೇ ಉಳಿದಿರುತ್ತದೆ.

ಈ ಲೆಕ್ಕ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯದು. ಅಮೋನಿಯಂ ಅಯಾನಿನ ಪಿಕೆಎ ಪ್ರತಿ ಡಿಗ್ರಿಗೆ ಸುಮಾರು 0.03ರಷ್ಟು ಕೆಳಗಿಳಿಯುತ್ತದೆ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಪ್ರಯೋಗಾಲಯದೊಳಗೇ 35 ಡಿಗ್ರಿ ಇದ್ದರೆ ಬಫರಿನ ನಡುಬಿಂದು 8.95ರ ಹತ್ತಿರ ಬಂದು, ಗುಲಾಬಿ ಬಣ್ಣ ಇನ್ನೂ ಮೊದಲೇ, 20 ಮಿ.ಲೀ. ದಾಟುತ್ತಿದ್ದಂತೆಯೇ ಕಾಣೆಯಾಗುತ್ತದೆ. ಒಂದೇ ದ್ರಾವಣಕ್ಕೆ ಬೇಸಿಗೆಯಲ್ಲೊಂದು ಉತ್ತರ, ಮಳೆಗಾಲದಲ್ಲೊಂದು ಉತ್ತರ ಬರುತ್ತಿದೆ ಎಂದು ದೂರುವವರು ಇದನ್ನು ನೆನಪಿಡಬೇಕು.

ಅದೇ ಪಾತ್ರೆಯಲ್ಲಿ ಮಾಡುವ ಪರೀಕ್ಷೆ

ದೋಷ ಸೂಚಕದ್ದೇ ಎಂದು ಖಚಿತಪಡಿಸಿಕೊಳ್ಳಲು ಹೊಸ ದ್ರಾವಣ ಬೇಕಿಲ್ಲ, ಟೈಟ್ರೇಷನ್ನನ್ನು ಮೊದಲಿನಿಂದ ಶುರು ಮಾಡಬೇಕಾಗಿಯೂ ಇಲ್ಲ. ಗುಲಾಬಿ ಬಣ್ಣ ಹೋಗಿ ರೀಡಿಂಗ್ ಬರೆದುಕೊಂಡ ಪಾತ್ರೆಯನ್ನು ಚೆಲ್ಲದೆ ಹಾಗೆಯೇ ಇಟ್ಟುಕೊಂಡು, ಅದಕ್ಕೆ ಎರಡು ಹನಿ ಮಿಥೈಲ್ ರೆಡ್ ಹಾಕಬೇಕು. ಫಿನಾಲ್ಫ್ಥಲೀನ್ ಈಗ ಬಣ್ಣವಿಲ್ಲದ ರೂಪದಲ್ಲಿರುವುದರಿಂದ ಅದು ನೋಟಕ್ಕೆ ಅಡ್ಡ ಬರುವುದಿಲ್ಲ. ಟೈಟ್ರೇಷನ್ ನಿಜವಾಗಿ ಮುಗಿದಿದ್ದರೆ ದ್ರಾವಣ ಕಿತ್ತಳೆಯೋ ಕೆಂಪೋ ಆಗಬೇಕು. ಅಚ್ಚ ಹಳದಿಯಾಗಿ ನಿಂತರೆ ಅಮೋನಿಯಾ ಇನ್ನೂ ಉಳಿದಿದೆ ಎಂದೇ ಅರ್ಥ. ಬ್ಯುರೆಟ್ಟನ್ನು ಮತ್ತೆ ತುಂಬದೆ, ನಿಂತ ಜಾಗದಿಂದಲೇ ಆಮ್ಲವನ್ನು ಮುಂದುವರಿಸಬೇಕು.

ಆ ದಿನ ನಾಲ್ಕೂ ಪಾತ್ರೆಗಳು ಹಳದಿಯಾದವು. ಮೊದಲನೆಯದಕ್ಕೆ ಇನ್ನೂ 6.2 ಮಿ.ಲೀ., ಎರಡನೆಯದಕ್ಕೆ 4.0, ಮೂರನೆಯದಕ್ಕೆ 2.5, ನಾಲ್ಕನೆಯದಕ್ಕೆ 3.4 ಮಿ.ಲೀ. ಆಮ್ಲ ಹಿಡಿಯಿತು. ಕೂಡಿಸಿ ನೋಡಿದರೆ ಒಟ್ಟು 24.8, 24.9, 24.8, 24.8. ಒಂದು ನಿಮಿಷದ ಹಿಂದೆ ಸುಮಾರು ನಾಲ್ಕು ಮಿ.ಲೀ. ಅಂತರದಲ್ಲಿ ಚೆದುರಿದ್ದ ಮೇಜುಗಳು ಎರಡು ಹನಿಯ ಅಂತರಕ್ಕೆ ಬಂದು ಕೂತವು. ಅಮೋನಿಯಾ 0.099 ಮೋಲಾರ್ ಇತ್ತು. ದ್ರಾವಣ ಸಿದ್ಧಪಡಿಸಿದವರ ಕೈ ಸರಿಯಾಗಿಯೇ ಇತ್ತು.

ಮೊದಲಿನ ನಾಲ್ಕು ರೀಡಿಂಗುಗಳು ಕೂಡ ಅರ್ಥವಿಲ್ಲದವೇನಲ್ಲ. ಒಟ್ಟು 24.8ರಲ್ಲಿ 18.6 ಎಂದರೆ ಮುಕ್ಕಾಲು ಭಾಗ ಮುಗಿದ ಸ್ಥಿತಿ, ಅಲ್ಲಿ ಪಿಎಚ್ 8.78, ಹಾಗೆಯೇ 20.9ಕ್ಕೆ 8.53, 21.4ಕ್ಕೆ 8.46, 22.3ಕ್ಕೆ 8.31. ನಾಲ್ವರೂ ನಿಲ್ಲಿಸಿದ್ದು ಫಿನಾಲ್ಫ್ಥಲೀನ್ ಬಣ್ಣ ಬದಲಿಸುವ ಪಟ್ಟಿಯೊಳಗೇ. ಅವರ ಕಣ್ಣು ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರ ಕಣ್ಣು ಒಂದೊಂದು ಛಾಯೆಯನ್ನು “ಬಣ್ಣವಿಲ್ಲ” ಎಂದು ಒಪ್ಪಿಕೊಂಡಿತ್ತು, ಅಷ್ಟೆ. ರೀಡಿಂಗ್ ಕೂಡದಿದ್ದರೆ ವಿದ್ಯಾರ್ಥಿಗಳಿಗೆ ಅಂಕ ಕಡಿಮೆ ಮಾಡುವ ಮೊದಲು ಈ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಿಥೈಲ್ ರೆಡ್ ಯಾಕೆ ಹೊಂದುತ್ತದೆ ಎಂಬುದನ್ನು ಸಮಾನತಾ ಬಿಂದುವಿನ ಆಚೀಚಿನ ಒಂದು ಹನಿಯಲ್ಲಿ ನೋಡಬಹುದು. 25 ಮಿ.ಲೀ. ಬೇಕಾದಲ್ಲಿ 24.95 ಹಾಕಿದಾಗ ಪಿಎಚ್ 6.56, 25.05 ಹಾಕಿದಾಗ 4.0. ಎರಡು ಹನಿಯ ಈ ಇಳಿಜಾರಿನೊಳಗೆ ಮಿಥೈಲ್ ರೆಡ್ ಬಣ್ಣ ಬದಲಿಸುವ 6.2ರಿಂದ 4.4ರವರೆಗಿನ ಪಟ್ಟಿ ಪೂರ್ತಿಯಾಗಿ ಅಡಗಿದೆ, ಸಮಾನತಾ ಬಿಂದುವಾದ 5.28 ಅದರ ನಟ್ಟನಡುವೆ ಬಂದಿದೆ. ಹಳದಿ ದ್ರಾವಣದಲ್ಲಿ ಆಮ್ಲ ಬಿದ್ದ ಜಾಗ ಮೊದಲು ಕ್ಷಣಕಾಲ ಕೆಂಪಾಗಿ ಕರಗುತ್ತದೆ; ಕೊನೆಯಲ್ಲಿ ಒಂದು ಹನಿಗೆ ಇಡೀ ಪಾತ್ರೆ ಕಿತ್ತಳೆ ಮಿಶ್ರಿತ ಗುಲಾಬಿಗೆ ತಿರುಗಿ, ಪಾತ್ರೆಯನ್ನು ತಿರುಗಿಸಿದರೂ ಹಿಂದಿರುಗುವುದಿಲ್ಲ. ಅದೇ ನಿಲ್ಲಿಸುವ ಹನಿ.

ಮಿಥೈಲ್ ಆರೆಂಜನ್ನೂ ಬಳಸಬಹುದು, ನಮ್ಮ ಅನೇಕ ಪ್ರಯೋಗಾಲಯಗಳಲ್ಲಿ ಸಿಗುವುದೂ ಅದೇ. ಆದರೆ ಅದರ ಪಟ್ಟಿ 4.4ರಿಂದ 3.1, ಅಂದರೆ ಸಮಾನತಾ ಬಿಂದುವಿಗಿಂತ ಕೆಳಗಿದೆ. ಹಳದಿ ಬಿಟ್ಟು ಕಿತ್ತಳೆ ಕಂಡ ಕೂಡಲೇ, ಪಿಎಚ್ 4ರ ಹೊತ್ತಿಗೆ ನಿಲ್ಲಿಸಿದರೆ ಹೆಚ್ಚಾಗುವುದು ಕೇವಲ 0.05 ಮಿ.ಲೀ. ಪೂರ್ತಿ ಕೆಂಪಾಗಲಿ ಎಂದು ಕಾದರೆ 0.4 ಮಿ.ಲೀ. ಹೆಚ್ಚಾಗುತ್ತದೆ. ದ್ರಾವಣಗಳು 0.02 ಮೋಲಾರ್ ಆಗಿದ್ದರೆ ಇದೇ ಕಾಯುವಿಕೆ 2 ಮಿ.ಲೀ.ಗಳ ತಪ್ಪಿಗೆ ಬೆಳೆಯುತ್ತದೆ. ಆದ್ದರಿಂದ ಮಿಥೈಲ್ ಆರೆಂಜ್ ಬಳಸುವವರು ಆಮ್ಲವನ್ನು ನಿಗದಿ ಮಾಡುವಾಗಲೂ ಅದೇ ಸೂಚಕವನ್ನು ಬಳಸಿ, ಅದೇ ಕಿತ್ತಳೆ ಛಾಯೆಗೆ ನಿಲ್ಲಿಸುವುದನ್ನು ರೂಢಿಸಿಕೊಳ್ಳಬೇಕು. ಆಗ ಎರಡು ಕಡೆಯ ತಪ್ಪುಗಳು ಬಹುಮಟ್ಟಿಗೆ ಒಂದನ್ನೊಂದು ತಿಂದುಹಾಕುತ್ತವೆ.

ಮಿಥೈಲ್ ರೆಡ್ ಹಾಕಿದರೂ ಉತ್ತರ ಸರಿಯಾಗದಿದ್ದರೆ

ಇಲ್ಲಿಂದ ಮುಂದೆ ಕಾರಣ ಬೇರೆ. ಮೇಲಿನ ಪರೀಕ್ಷೆಯ ಒಟ್ಟು ಮೊತ್ತಗಳು ಪರಸ್ಪರ ತಾಳೆಯಾಗದೆ, ಸಮಯ ಕಳೆದಂತೆ ಕಡಿಮೆಯಾಗುತ್ತ ಹೋಗುತ್ತಿದ್ದರೆ ಅಮೋನಿಯಾ ಗಾಳಿಗೆ ಹಾರುತ್ತಿದೆ ಎಂದು ತಿಳಿಯಬೇಕು. ಹೀಗಾದಾಗ ಮೊದಲು ಟೈಟ್ರೇಟ್ ಮಾಡಿದ ಪಾತ್ರೆಗೂ ಅರ್ಧ ಗಂಟೆ ಮೇಜಿನ ಮೇಲೆ ತೆರೆದಿಟ್ಟ ಪಾತ್ರೆಗೂ ವ್ಯತ್ಯಾಸ ಕಾಣುತ್ತದೆ. ನಾಲ್ಕು ಪಾತ್ರೆಗಳಿಗೆ ಒಟ್ಟಿಗೆ ಪಿಪೆಟ್ ಮಾಡಿಟ್ಟು ಆಮೇಲೆ ಒಂದೊಂದಾಗಿ ಮಾಡುವ ಅಭ್ಯಾಸ ಸೋಡಿಯಂ ಹೈಡ್ರಾಕ್ಸೈಡಿಗೆ ಅಷ್ಟು ಕೇಡು ಮಾಡದು, ಅಮೋನಿಯಾಕ್ಕೆ ಮಾಡುತ್ತದೆ, ಅದರಲ್ಲೂ ಫ್ಯಾನಿನ ಕೆಳಗೆ, ಬೇಸಿಗೆಯಲ್ಲಿ. ಒಂದು ಪಾತ್ರೆ ಪಿಪೆಟ್ ಮಾಡಿದ ಕೂಡಲೇ ಅದನ್ನು ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಬೇಕು, ಸ್ಟಾಕ್ ಬಾಟಲಿಯ ಮುಚ್ಚಳವನ್ನು ಪ್ರತಿ ಸಲವೂ ಹಾಕಬೇಕು. ಪಿಪೆಟ್ಟಿಗೆ ರಬ್ಬರ್ ಬಲ್ಬ್ ಬಳಸಬೇಕು. ಅಮೋನಿಯಾವನ್ನು ಬಾಯಿಂದ ಎಳೆಯಕೂಡದು.

ಮೊತ್ತಗಳು ನಿರೀಕ್ಷೆಗಿಂತ ಹೆಚ್ಚು ಬಂದರೆ ನೀರನ್ನು ನೋಡಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಬೈಕಾರ್ಬೊನೇಟ್ ಇರುತ್ತದೆ. ಆ ಬೈಕಾರ್ಬೊನೇಟ್ ಫಿನಾಲ್ಫ್ಥಲೀನಿಗೆ ಕಾಣುವುದಿಲ್ಲ, ಮಿಥೈಲ್ ರೆಡ್ಡಿಗೆ ಕಾಣುತ್ತದೆ. ನೀರಿನ ಕ್ಷಾರತೆ ಲೀಟರಿಗೆ 300 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟಿದ್ದರೆ, ಪಾತ್ರೆಯ ಗೋಡೆ ತೊಳೆಯಲು ಸುರಿದ 20 ಮಿ.ಲೀ. ನೀರೇ 0.1 ಮೋಲಾರ್ ಆಮ್ಲವನ್ನು 1.2 ಮಿ.ಲೀ. ಕುಡಿದುಬಿಡುತ್ತದೆ. ವಾಷ್ ಬಾಟಲಿಯಲ್ಲಿರುವುದು ಭಟ್ಟಿ ಇಳಿಸಿದ ನೀರೇ ಎಂಬ ನಂಬಿಕೆ ಸಾಲದು; ಅದೇ ಬಾಟಲಿಯ 50 ಮಿ.ಲೀ. ನೀರಿಗೆ ಸೂಚಕ ಹಾಕಿ, ಎಷ್ಟು ಹನಿ ಆಮ್ಲ ಹಿಡಿಯುತ್ತದೆಂದು ನೋಡಿದರೆ ಎರಡು ನಿಮಿಷದಲ್ಲಿ ಸಂಶಯ ಹೋಗುತ್ತದೆ. ಒಂದೆರಡು ಹನಿಗೆ ಬಣ್ಣ ತಿರುಗಿದರೆ ನೀರು ನಿರ್ದೋಷಿ.

ಇನ್ನೊಂದು ಲಕ್ಷಣ ಹಳೆಯ ಅಮೋನಿಯಾ ಬಾಟಲಿಯಲ್ಲಿ ಕಾಣುತ್ತದೆ. ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಭಾಗಶಃ ಅಮೋನಿಯಂ ಕಾರ್ಬೊನೇಟ್ ಆಗಿರುತ್ತದೆ. ಅಂಥ ದ್ರಾವಣದಲ್ಲಿ ಮಿಥೈಲ್ ರೆಡ್ ಬೇಗನೆ ಕಿತ್ತಳೆಯ ಕಡೆ ವಾಲಿ, ಪಾತ್ರೆಯನ್ನು ಜೋರಾಗಿ ಕಲಕಿದರೆ ಮತ್ತೆ ಹಳದಿಗೆ ಹಿಂದಿರುಗುತ್ತದೆ, ಏಕೆಂದರೆ ಬಿಡುಗಡೆಯಾದ ಅನಿಲ ಕರಗಿದ್ದಾಗ ತಾನೇ ಸ್ವಲ್ಪ ಆಮ್ಲೀಯವಾಗಿದ್ದು, ಹೊರಹೋದ ಮೇಲೆ ಪಿಎಚ್ ಮೇಲೇರುತ್ತದೆ. ಕಾರ್ಬೊನೇಟ್ ಟೈಟ್ರೇಷನ್‌ನಲ್ಲಿ ಮಾಡುವಂತೆ ಇಲ್ಲಿ ಅಂತ್ಯಬಿಂದುವಿಗೆ ಮೊದಲು ಕುದಿಸಬಾರದು. ಅನಿಲದ ಜೊತೆಗೆ ಉಳಿದ ಅಮೋನಿಯಾವೂ ಹೋಗುತ್ತದೆ. ಕಲಕಿ ಕಾಯುವುದು, ಅಥವಾ ಮಿಥೈಲ್ ಆರೆಂಜಿಗೆ ಬದಲಾಯಿಸುವುದು ಇಲ್ಲಿ ವಾಸಿ.

ಲಿಕರ್ ಅಮೋನಿಯಾ: ಅದೇ ತಪ್ಪು ತಿರುಗಿ ಬರುವ ಜಾಗ

ಸುಮಾರು 25 ಶೇಕಡಾದ ಲಿಕರ್ ಅಮೋನಿಯಾವನ್ನು ನೇರವಾಗಿ ಟೈಟ್ರೇಟ್ ಮಾಡಲು ಹೋದರೆ ಅಳೆಯುವಷ್ಟರಲ್ಲೇ ಹಾರಿಹೋಗುತ್ತದೆ. ಹಾಗಾಗಿ ತೂಕ ಗೊತ್ತಿರುವ ಮಾದರಿಯನ್ನು ಹೆಚ್ಚುವರಿ ಆಮ್ಲದೊಳಗೆ ಬಿಟ್ಟು, ಉಳಿದ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ಅಳೆಯುತ್ತೇವೆ. ಈ ಕೊನೆಯ ಹಂತವು ಪ್ರಬಲ ಆಮ್ಲ ಮತ್ತು ಪ್ರಬಲ ಪ್ರತ್ಯಾಮ್ಲದ ಟೈಟ್ರೇಷನ್‌ನಂತೆಯೇ ತೋರುವುದರಿಂದ ಅನುಭವಿಗಳೂ ಫಿನಾಲ್ಫ್ಥಲೀನಿಗೆ ಕೈ ಚಾಚುತ್ತಾರೆ. ಪಾತ್ರೆಯಲ್ಲಿ ಅಮೋನಿಯಂ ಇದೆ ಎಂಬುದು ಮರೆತುಹೋಗಿರುತ್ತದೆ.

1.20 ಗ್ರಾಂ ಮಾದರಿಯನ್ನು 50 ಮಿ.ಲೀ. 0.5 ಮೋಲಾರ್ ಆಮ್ಲದಲ್ಲಿ ಹಾಕಿದೆವು ಎನ್ನೋಣ. ಆಮ್ಲ ಒಟ್ಟು 25 ಮಿಲಿಮೋಲ್. ಮಾದರಿ ನಿಜಕ್ಕೂ 25 ಶೇಕಡಾ ಇದ್ದರೆ ಅದು 17.6 ಮಿಲಿಮೋಲ್ ಆಮ್ಲವನ್ನು ತೆಗೆದುಕೊಂಡು 7.4 ಉಳಿಸುತ್ತದೆ. ಮಿಥೈಲ್ ರೆಡ್ ಹಾಕಿದರೆ 0.5 ಮೋಲಾರ್ ಹೈಡ್ರಾಕ್ಸೈಡ್ 14.8 ಮಿ.ಲೀ. ಹಿಡಿದು ಕೆಂಪು ಹಳದಿಯಾಗುತ್ತದೆ. ಫಿನಾಲ್ಫ್ಥಲೀನ್ ಹಾಕಿದರೆ ಉಳಿದ ಆಮ್ಲ ಮುಗಿದ ಮೇಲೂ ಬಣ್ಣ ಬರುವುದಿಲ್ಲ, ಪಿಎಚ್ 8.3 ತಲುಪಲು ಅಮೋನಿಯಂನ ಹತ್ತನೇ ಒಂದು ಭಾಗವನ್ನು ಮತ್ತೆ ಅಮೋನಿಯಾ ಮಾಡಬೇಕಾಗುವುದರಿಂದ ಇನ್ನೂ 3.5 ಮಿ.ಲೀ. ಹೈಡ್ರಾಕ್ಸೈಡ್ ಹೋಗುತ್ತದೆ. ರೀಡಿಂಗ್ 18.3ರ ಆಸುಪಾಸು ಬಂದು, ಲೆಕ್ಕದಲ್ಲಿ ಅಮೋನಿಯಾ 22.5 ಶೇಕಡಾ ಎಂದು ಇಳಿಯುತ್ತದೆ. ಸರಬರಾಜು ಮಾಡಿದವರ ಮೇಲೆ ದೂರು ಬರೆಯುವ ಮೊದಲು ಪಾತ್ರೆಯ ಮೂತಿಯ ಹತ್ತಿರ ಕೈಯಾಡಿಸಿ ವಾಸನೆ ನೋಡಿದರೆ ಸುಳಿವು ಸಿಗುತ್ತದೆ: ಸರಿಯಾದ ಅಂತ್ಯಬಿಂದುವಿನಲ್ಲಿ ಅಮೋನಿಯಾದ ಘಾಟು ಇರುವುದಿಲ್ಲ, ಮಸುಕು ಗುಲಾಬಿಯಲ್ಲಿ ನಿಲ್ಲಿಸಿದ ಪಾತ್ರೆಯಲ್ಲಿ ಇರುತ್ತದೆ.

ಸೂಚಕದ ಆಯ್ಕೆಯನ್ನು ಸರಿಪಡಿಸಿದ ಮೇಲೂ ಉಳಿಯುವ ಒಂದು ಮಿತಿಯಿದೆ. ಎರಡೂ ದ್ರಾವಣಗಳನ್ನು 0.01 ಮೋಲಾರ್‌ಗೆ ಇಳಿಸಿದರೆ ಸಮಾನತಾ ಬಿಂದು 5.78ಕ್ಕೆ ಸರಿಯುತ್ತದೆ, ಮತ್ತು ಆಚೀಚಿನ ಎರಡು ಹನಿಗಳಲ್ಲಿ ಪಿಎಚ್ 6.56ರಿಂದ 5.0ವರೆಗೆ ಮಾತ್ರ ಬೀಳುತ್ತದೆ; ಮಿಥೈಲ್ ರೆಡ್ ಪೂರ್ತಿ ಕೆಂಪಾಗಲು ಒಂದು ಹನಿ ಸಾಲದೆ ನಾಲ್ಕೈದು ಹನಿ ಬೇಕಾಗುತ್ತದೆ. ಅಷ್ಟು ತೆಳುವಾದ ದ್ರಾವಣವನ್ನು ಬಣ್ಣದಿಂದಲೇ ಅಳೆಯಬೇಕಾಗಿ ಬಂದಾಗ ನಾನು ಅಮೋನಿಯಂ ಕ್ಲೋರೈಡಿನ 0.005 ಮೋಲಾರ್ ದ್ರಾವಣಕ್ಕೆ ಅಷ್ಟೇ ಹನಿ ಸೂಚಕ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಸಮಾನತಾ ಬಿಂದುವಿನಲ್ಲಿ ಪಾತ್ರೆಯಲ್ಲಿರಬೇಕಾದದ್ದು ಅದೇ ದ್ರಾವಣ, ಅದರ ಛಾಯೆಗೆ ಸರಿಹೊಂದುವಲ್ಲಿ ಬ್ಯುರೆಟ್ಟನ್ನು ನಿಲ್ಲಿಸುತ್ತೇನೆ.